1 1 2 3 ಅಲ್ಲ ಮಾರಾಯ್ತಿ, 1 2 1 3

ಸೆಪ್ಟೆಂಬರ್ 19, ಶುಕ್ರವಾರ. ಉಡುಪಿ.

ಅಷ್ಟಮಿ ಗದ್ದಲ ಮುಗಿದು ಈ ವಾರ ಸ್ವಲ್ಪ ಉಸಿರಾಡ್ಬಹುದು ಅಂದ್ಕೊಂಡ್ರೆ ಮೇಜಿನ ಮೇಲೆ ಸಿ ಪ್ರೋಗ್ರಾಮಿಂಗ್ ಇಂಟರ್ನಲ್ಸ್ ಬ್ಲೂ ಬುಕ್ಕಿನ ಕಟ್ಟು ಕೂತಿತ್ತು. ನಿನ್ನೆ ರಾತ್ರಿ ಎಲ್ಲ ಕರೆಕ್ಷನ್ ಮಾಡಿ ಮುಗಿಸಿದೆ, ಹೊರಗೆ ಮಳೆ, ಕರೆಂಟ್ ಎರಡು ಸಲ ಹೋಯ್ತು, ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ನನಗೆ ಕಣ್ಣೇ ಸರಿ ಕಾಣ್ತಿಲ್ವಾ ಅಂತ ಸಂಶಯ ಬಂತು. ಯಾಕಂದ್ರೆ ಒಂದರ ಹಿಂದೆ ಒಂದು ಪೇಪರಲ್ಲಿ ಅದೇ ತಪ್ಪು ಉತ್ತರ. ಕಾಪಿ ಅಂತ ಹೇಳುವ ಹಾಗೂ ಇಲ್ಲ, ಬೇರೆ ಬೇರೆ ರೂಮಲ್ಲಿ ಕೂತವರು.

ಪ್ರಶ್ನೆ ಇದು, 4 ಮಾರ್ಕ್. `f(4)` ಕರೆದ್ರೆ ಸ್ಕ್ರೀನಲ್ಲಿ ಎಂತ ಬರ್ತದೆ, ಟ್ರೇಸ್ ಮಾಡಿ ತೋರಿಸಿ.

```c
int f(int n)
{
    int a, b;
    if (n <= 1) return n;
    a = f(n-1);
    b = f(n-2);
    printf("%d ", a + b);
    return a + b;
}
```

ಸರಿ ಉತ್ತರ `1 2 1 3`. ಅರ್ಧ ಕ್ಲಾಸಿಗಿಂತ ಜಾಸ್ತಿ ಜನ ಬರ್ದದ್ದು `1 1 2 3`. ಅಂಕಿ ಎಲ್ಲ ಸರಿ ಉಂಟು ನೋಡಿ, ಎರಡು ಒಂದು, ಒಂದು ಎರಡು, ಒಂದು ಮೂರು. ಸಾಲು ಮಾತ್ರ ತಪ್ಪು. ನಾನು ಎಂತದೂ ಯೋಚನೆ ಮಾಡದೆ ಕೆಂಪು ಪೆನ್ನಲ್ಲಿ ಸೊನ್ನೆ ಸೊನ್ನೆ ಅಂತ ಹಾಕ್ತಾ ಹೋದೆ.

ಇವತ್ತು ಪೇಪರ್ ಕೊಟ್ಟ ಮೇಲೆ ಸ್ಟಾಫ್ ರೂಮಿಗೆ ಬ್ರಹ್ಮಾವರ ಕಡೆಯಿಂದ ಬರುವ ಒಬ್ಬಳು ಹುಡುಗಿ ಬಂದ್ಳು, ಕ್ಲಾಸಲ್ಲಿ ಬಾಯಿ ಬಿಡದವಳು. "ಮ್ಯಾಮ್, ಇದು ಫಿಬೊನಾಚಿ ಅಲ್ವಾ? ಫಿಬೊನಾಚಿ ಅಂದ್ರೆ 1 1 2 3 ಅಲ್ವಾ? ಸೊನ್ನೆ ಯಾಕೆ?" ಅಂತ ಕೇಳಿದ್ಳು. ಆಗ ನನಗೆ ಗೊತ್ತಾಯ್ತು ಈ ತಪ್ಪು ಯಾಕೆ ಇಷ್ಟು ಗಟ್ಟಿ ಅಂತ. ತಪ್ಪು ಉತ್ತರವೇ ಸರಿ ಉತ್ತರಕ್ಕಿಂತ ಚಂದ ಕಾಣ್ತದೆ! `1 2 1 3` ನೋಡಿದ್ರೆ ಏನೋ ಕೈ ತಪ್ಪಿದ ಹಾಗೆ ಕಾಣ್ತದೆ, `1 1 2 3` ನೋಡಿದ್ರೆ ಪುಸ್ತಕದಲ್ಲಿ ಇರುವ ಸರಣಿ. ಮಕ್ಕಳು ಕೊನೆಗೆ ಉತ್ತರ ನೋಡಿ ಹಾ ಇದೇ ಅಂತ ಸಮಾಧಾನ ಮಾಡ್ಕೊಂಡು ಮುಂದೆ ಹೋಗಿದ್ದಾರೆ.

ಆದ್ರೆ ಅವಳು ಫಿಬೊನಾಚಿ ನೆನಪಲ್ಲಿ ಸುಮ್ನೆ ಬರ್ದದ್ದಲ್ಲ, ಟ್ರೇಸ್ ಮಾಡಿದ್ಳು. ಬ್ಲೂ ಬುಕ್ಕಲ್ಲಿ ಕರೆಯುವ ಸಾಲು ಸರಿಯಾಗಿ ಬರ್ದಿದ್ಳು: f(4), f(3), f(2), f(1), f(0), f(1), f(2), f(1), f(0). ಒಟ್ಟು ಒಂಬತ್ತು ಕಾಲ್, ಒಂದೂ ತಪ್ಪಿಲ್ಲ. ಅದರ ಕೆಳಗೆ "ಲಾಸ್ಟ್ ಇನ್ ಫಸ್ಟ್ ಔಟ್" ಅಂತ ಬರ್ದು ಇಡೀ ಸಾಲನ್ನು ಹಿಂದುಮುಂದು ಮಾಡಿದ್ಳು. ಆಮೇಲೆ ಪ್ರಿಂಟ್ ಮಾಡುವವರನ್ನು ಮಾತ್ರ, ಅಂದ್ರೆ n ಎರಡು ಅಥವಾ ಜಾಸ್ತಿ ಇರುವವರನ್ನು, ಆರಿಸಿದ್ಳು. f(2), f(2), f(3), f(4). ಬೆಲೆ ಹಾಕಿದ್ರೆ 1, 1, 2, 3. ಪಕ್ಕಾ ಲೆಕ್ಕ, ಆದ್ರೆ ಬುಡದ ನಿಯಮವೇ ತಪ್ಪು.

ಆ ನಿಯಮ ಯಾರು ಕಲಿಸಿದ್ದು ಕೇಳಿದ್ರೆ, ನಾನೇ. ಫ್ಯಾಕ್ಟೋರಿಯಲ್ ಮಾಡುವಾಗ ಬೋರ್ಡಲ್ಲಿ fact(4), fact(3), fact(2), fact(1) ಅಂತ ಇಳಿಸಿ, ಬಾಣ ಹಾಕಿ ಕೆಳಗಿಂದ ಮೇಲೆ 1, 2, 6, 24 ಬರ್ದು "ಕರೆದ ಸಾಲಿನ ಉಲ್ಟಾ ರಿಟರ್ನ್" ಅಂತ ಹೇಳಿದ್ದು ನನಗೆ ಸರಿ ನೆನಪುಂಟು. ಫ್ಯಾಕ್ಟೋರಿಯಲಲ್ಲಿ ಅದು ಸರಿ, ಯಾಕಂದ್ರೆ ಅಲ್ಲಿ ಒಬ್ಬ ಒಬ್ಬನನ್ನೇ ಕರೆಯುದು, ಕೊನೆವರೆಗೆ ಇಳಿದು ಆಮೇಲೆ ಬರೀ ಹತ್ತುದು. ಇಲ್ಲಿ ಒಬ್ಬ ಇಬ್ಬರನ್ನು ಕರೀತಾನೆ, ಅದ್ರಲ್ಲೂ ಒಬ್ಬ ಬಂದ ಮೇಲೆ ಇನ್ನೊಬ್ಬನನ್ನು.

ಅವಳಿಗೆ ಬಸ್ಸಿನ ಲೆಕ್ಕದಲ್ಲಿ ಹೇಳಿದೆ, ದಿನಾ ಬಸ್ಸಲ್ಲೇ ಬರುವವಳು ಅಲ್ವಾ. ಒಂದೇ ಬಾಗಿಲಿನ ಇರುಕು ಬಸ್ ಅಂತ ಇಟ್ಕೊ, ಕೊನೆಗೆ ಹತ್ತಿದವ ಬಾಗಿಲಲ್ಲೇ ನಿಂತಿರ್ತಾನೆ, ಅವ ಇಳಿಯದೆ ಒಳಗಿನವ ಇಳಿಯುವ ಹಾಗಿಲ್ಲ. ಫ್ಯಾಕ್ಟೋರಿಯಲ್ ಅಂದ್ರೆ ಎಕ್ಸ್‌ಪ್ರೆಸ್, ಎಲ್ಲ ಹತ್ತಿ ಆದ ಮೇಲೆ ಕೊನೇ ಸ್ಟಾಪಲ್ಲಿ ಎಲ್ಲ ಇಳಿಯುದು, ಹಾಗಾಗಿ ಪೂರ್ತಿ ಉಲ್ಟಾ. ಈ f ಅಂದ್ರೆ ಸರ್ವಿಸ್ ಬಸ್. ಕಲ್ಸಂಕದಲ್ಲಿ ಇಬ್ಬರು ಇಳೀತಾರೆ, ಅಲ್ಲೇ ಇನ್ನೊಬ್ಬ ಹತ್ತುತ್ತಾನೆ, ಸಂತೆಕಟ್ಟೆಯಲ್ಲಿ ಅವ ಇಳೀತಾನೆ. ಪ್ರತಿ ಸಲ ಬಾಗಿಲಲ್ಲಿದ್ದವನೇ ಮೊದ್ಲು ಇಳಿಯುದು, ಲಾಸ್ಟ್ ಇನ್ ಫಸ್ಟ್ ಔಟ್ ಎಲ್ಲಿಯೂ ತಪ್ಪಲಿಲ್ಲ. ಆದ್ರೆ ದಿನದ ಕೊನೆಗೆ ಇಳಿದವರ ಪಟ್ಟಿ ಹತ್ತಿದವರ ಪಟ್ಟಿಯ ಉಲ್ಟಾ ಆಗುದಿಲ್ಲ. ಅವಳು ನಕ್ಕಳು, ಅರ್ಥ ಆಯ್ತೋ ಇಲ್ವೋ ಗೊತ್ತಾಗ್ಲಿಲ್ಲ, ಹಾಗಾಗಿ ಕಾಗದ ತೆಗ್ದೆ.

ಟ್ರೇಸ್ ಬರೆಯುವಾಗ ಒಂದೇ ಸಾಲಲ್ಲಿ ಕರೆದದ್ದು, ಇನ್ನೊಂದು ಸಾಲಲ್ಲಿ ರಿಟರ್ನ್ ಅಂತ ಬೇರೆ ಬೇರೆ ಬರೆಯುದೇ ಬೇಡ ಅಂದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ, ಆದ ಸಮಯಕ್ಕೆ ಸರಿಯಾಗಿ. ಒಳಗೆ ಹೋದಾಗ ಒಂದು ಹೆಜ್ಜೆ ಬಲಕ್ಕೆ ಸರಿಸಿ ಬರಿ, ಹೊರಗೆ ಬಂದಾಗ ಕರೆದ ಜಾಗದ ನೇರಕ್ಕೇ ಬಾಣ ಹಾಕಿ ಬೆಲೆ ಬರಿ:

```
f(4)
  f(3)
    f(2)
      f(1) -> 1
      f(0) -> 0
    f(2) -> 1    print 1
    f(1) -> 1
  f(3) -> 2      print 2
  f(2)
    f(1) -> 1
    f(0) -> 0
  f(2) -> 1      print 1
f(4) -> 3        print 3
```

ಬಾಣ ಇರುವ ಸಾಲು ಮಾತ್ರ ಮೇಲಿಂದ ಕೆಳಗೆ ಓದಿದ್ರೆ ರಿಟರ್ನ್ ಆಗುವ ಸಾಲು: 1, 0, 1, 1, 2, 1, 0, 1, 3. ಒಂಬತ್ತು ಕಾಲಿಗೆ ಒಂಬತ್ತು ರಿಟರ್ನ್, ಎಣಿಸಿ ನೋಡ್ಬೇಕು, ಎಂಟು ಬಂದ್ರೆ ಎಲ್ಲೋ ಒಬ್ಬ ಒಳಗೇ ಉಳಿದಿದ್ದಾನೆ.

ಅವಳ ಉತ್ತರ ಯಾಕೆ ಸಾಧ್ಯವೇ ಇಲ್ಲ ಅಂತ ತೋರಿಸ್ಲಿಕ್ಕೆ ಒಂದು ಸಾಲು ಸಾಕು. ಅವಳ ಪಟ್ಟಿಯಲ್ಲಿ f(2) ಎರಡು ಸಲ ಮುಗಿದ ಮೇಲೆ f(3) ಮುಗೀತದೆ. ಆದ್ರೆ ಎರಡನೇ f(2) ಯಾರು ಕರೆದದ್ದು? f(4), `b = f(n-2);` ಸಾಲಲ್ಲಿ. ಆ ಸಾಲಿಗೆ ಬರ್ಬೇಕಾದ್ರೆ ಮೇಲಿನ `a = f(n-1);` ಮುಗಿದಿರ್ಬೇಕು, ಅಂದ್ರೆ f(3) ಪೂರ್ತಿ ವಾಪಸ್ ಬಂದು ಅದರ 2 ಎಂಬುದು a ಒಳಗೆ ಕೂತಿರ್ಬೇಕು. f(3) ಇನ್ನೂ ಬಾರದೆ ಎರಡನೇ f(2) ಹುಟ್ಟುದೇ ಇಲ್ಲ, ಮತ್ತೆ ಪ್ರಿಂಟ್ ಎಲ್ಲಿಂದ? ಇದನ್ನು ಹೇಳಿದಾಗ ಅವಳ ಮುಖ ನೋಡ್ಬೇಕಿತ್ತು, ಬಸ್ಸಿನ ಕತೆಗೆ ನಕ್ಕವಳು ಇಲ್ಲಿ "ಓ" ಅಂದ್ಳು.

ನನಗೆ ಆಗ ಇನ್ನೊಂದು ವಿಷಯ ಹೊಳೀತು. ಅದೇ ಪೇಪರಲ್ಲಿ ಮುಂದಿನ ಪ್ರಶ್ನೆ, ಕೂಡಿಸುವ ಬದ್ಲು `a - b`, ಕೊನೇ ಬೆಲೆ ಮಾತ್ರ ಬರೀರಿ ಅಂತ. ಸರಿ ಲೆಕ್ಕ ಹೀಗೆ: f(2) ಅಂದ್ರೆ 1 - 0, ಒಂದು. f(3) ಅಂದ್ರೆ 1 - 1, ಸೊನ್ನೆ. f(4) ಅಂದ್ರೆ a ಯಲ್ಲಿ f(3) ದ ಸೊನ್ನೆ, b ಯಲ್ಲಿ f(2) ದ ಒಂದು, -1. ತುಂಬಾ ಜನ 1 ಅಂತ ಬರ್ದಿದ್ರು, ನಾನು ಮೈನಸ್ ಮರ್ತಿದ್ದಾರೆ, ಗಡಿಬಿಡಿ ಅಂತ ತಿಳ್ಕೊಂಡಿದ್ದೆ. ಗಡಿಬಿಡಿ ಅಲ್ಲ, ಅದೇ ಉಲ್ಟಾ ಪಟ್ಟಿ. ಅವರ ಪಟ್ಟಿಯಲ್ಲಿ f(2) ಮೊದ್ಲು ಬರ್ತದೆ f(3) ಆಮೇಲೆ, ಮೊದ್ಲು ಬಂದದ್ದು a ಅಂತ ಹಾಕಿ 1 - 0 ಮಾಡಿದ್ದಾರೆ. ಕೂಡಿಸುವಾಗ a ಮತ್ತು b ಅದಲುಬದಲಾದ್ರೂ ಮೊತ್ತ ಅದೇ ಬರ್ತದೆ, ಹಾಗಾಗಿ ಹಿಂದಿನ ಪ್ರಶ್ನೆಯ ಕೊನೇ 3 ಎಲ್ಲರಿಗೂ ಸರಿ ಬಂದದ್ದು. ಕೊನೇ ಅಂಕಿ ಸರಿ ಉಂಟು ಅಂತ ಟ್ರೇಸ್ ಗೊತ್ತುಂಟು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಇನ್ನು ಮುಂದೆ ಮೈನಸ್ ಇರುವ ಪ್ರಶ್ನೆಯೇ ಕೊಡುದು.

ಒಂದು ವಿಷಯದಲ್ಲಿ ಮಾತ್ರ ಈ ಸಲ ನಾನು ಬಚಾವ್. ಹೋದ ವರ್ಷ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಕೊಟ್ಟಿದ್ದೆ, a, b ಇಲ್ಲದೆ, ಫಂಕ್ಷನ್ ಒಳಗೆ ಬಂದ ಕೂಡ್ಲೇ n ಪ್ರಿಂಟ್ ಮಾಡಿ ಆಮೇಲೆ ನೇರ `return f(n-1) + f(n-2);`. ಕೀಯಲ್ಲಿ `4 3 2 1 0 1 2 1 0` ಅಂತ ಇತ್ತು. ಒಬ್ಬ ಹುಡುಗ `4 2 0 1 3 1 2 0 1` ಬರ್ದ, ನಾನು ತಪ್ಪು ಹಾಕಿದೆ. ಅವ ವಾದ ಮಾಡ್ಲಿಲ್ಲ ಪಾಪ. ಆಮೇಲೆ ನಮ್ಮ ಸೀನಿಯರ್ ಸರ್ ಒಬ್ಬರು ಚಾ ಕುಡೀತಾ ಹೇಳಿದ್ರು, ಸಿ ಭಾಷೆಯಲ್ಲಿ `+` ನ ಎಡದ್ದು ಮೊದ್ಲಾ ಬಲದ್ದು ಮೊದ್ಲಾ ಅಂತ ಸ್ಟ್ಯಾಂಡರ್ಡ್ ಹೇಳುದೇ ಇಲ್ಲ, ಕಂಪೈಲರ್ ಇಷ್ಟ, ಎಡದಿಂದ ಬಲಕ್ಕೆ ಅಂತ ಆಪರೇಟರ್ ಟೇಬಲಲ್ಲಿ ಇರುದು `a - b - c` ಯನ್ನು ಹೇಗೆ ಗುಂಪು ಮಾಡುದು ಅಂತ ಹೇಳ್ಲಿಕ್ಕೆ, ಯಾವುದನ್ನು ಮೊದ್ಲು ಕರೆಯುದು ಅಂತ ಅಲ್ಲ. ಅಂದ್ರೆ ಆ ಹುಡುಗನ ಉತ್ತರವೂ ಸರಿ! ಜಾವಾ, ಪೈಥಾನ್ ಆದ್ರೆ ಎಡದ್ದೇ ಮೊದ್ಲು ಅಂತ ಕಡ್ಡಾಯ ಉಂಟು, ಅಲ್ಲಿ ಈ ತಕರಾರು ಇಲ್ಲ. ಸಿ ಯಲ್ಲಿ ಪ್ರಶ್ನೆ ತೆಗೆಯುವವರು ಎರಡು ಕಾಲನ್ನು ಎರಡು ಸಾಲಲ್ಲಿ ಬಿಡಿಸಿ ಕೊಡ್ಬೇಕು, ಸೆಮಿಕೋಲನ್ ದಾಟುವ ಮೊದ್ಲು ಮೇಲಿನದ್ದು ಮುಗಿದೇ ಮುಗೀತದೆ. ಈ ವರ್ಷ a, b ಬಂದದ್ದು ಆ ಕಾರಣಕ್ಕೆ. ಆ ಹುಡುಗನ ಮಾರ್ಕ್ ಆಗ ತಿದ್ದಲಿಕ್ಕೆ ಆಗ್ಲಿಲ್ಲ, ಲಿಸ್ಟ್ ಹೋಗಿ ಆಗಿತ್ತು, ಈಗಲೂ ಕಾರಿಡಾರಲ್ಲಿ ಸಿಕ್ಕಿದ್ರೆ ನನಗೇ ಒಂಥರಾ.

ಸರಿ, ಸೊನ್ನೆ ಎಂತ ಮಾಡಿದೆ ಅಂದ್ರೆ, ಒಂಬತ್ತು ಕಾಲ್ ಸರಿ ಸಾಲಲ್ಲಿ ಬರ್ದವರಿಗೆಲ್ಲ 1 ಮಾರ್ಕ್ ಹಾಕಿದೆ, ಸುಮ್ನೆ `1 1 2 3` ಅಂತ ಮಾತ್ರ ಬರ್ದವರಿಗೆ ಸೊನ್ನೆಯೇ. ಅವಳಿಗೆ ಒಂದು ಬಂತು. ಸಂತೋಷ ಏನೂ ಆಗ್ಲಿಲ್ಲ ಅವಳಿಗೆ. ಬಸ್ಸಿಗೆ ಹೊರಡುವಾಗ f(5) ಮಾಡಿ ನೋಡು ಅಂತ ಕಳಿಸಿದೆ.

ಇದನ್ನು ಬರೀತಾ ಇರುವಾಗ ವಾಟ್ಸ್ಯಾಪಲ್ಲಿ ಬಂತು: `1 2 1 3 1 2 5`. ಸರಿ ಉಂಟು. ಕೆಳಗೆ ಇನ್ನೊಂದು ಮೆಸೇಜ್. "ಮ್ಯಾಮ್ ಟ್ರೇಸ್ ಪೂರ್ತಿ ಮಾಡ್ಲಿಲ್ಲ, f(4) ದ್ದು `1 2 1 3` ಹಾಗೇ ಇಳಿಸಿದೆ, ಅದರ ಮುಂದೆ f(3) ದ್ದು `1 2`, ಕೊನೆಗೆ 5. f(5) ಮೊದ್ಲು f(4) ನ್ನು ಮುಗಿಸಿ ಆಮೇಲೆ f(3) ನ್ನು ಕರೆಯುದಲ್ವಾ. ಪರೀಕ್ಷೆಯಲ್ಲಿ ಹೀಗೆ ಮಾಡಿದ್ರೆ ಮಾರ್ಕ್ ಕೊಡ್ತೀರಾ?"

ನಾನು ಇದನ್ನು ಕಲಿಸಿರ್ಲಿಲ್ಲ. ಎಂತ ಉತ್ತರ ಕೊಡುದು ಅಂತ ಇನ್ನೂ ಟೈಪ್ ಮಾಡಿ ಅಳಿಸ್ತಾ ಇದ್ದೇನೆ.