ಸೀರೆ ಫೋಟೋ ನೋಡಿ ರೇಷ್ಮೆ, ಜರಿ ಅಸಲಿನಾ ಅಂತ ಹೇಳೋಕಾಗುತ್ತಾ?

"ಅಕ್ಕಾ, ಫೋಟೋ ಕಳಿಸಿದ್ದೀನಿ. ಇದು ಪ್ಯೂರ್ ಸಿಲ್ಕಾ? ಜರಿ ಒರಿಜಿನಲ್ಲಾ? ತಗೊಳ್ಲಾ ಬೇಡ್ವಾ?"

ಅಂಗಡಿಯವರು ಕಳಿಸುವ ಫೋಟೋದಲ್ಲಿ ಸೀರೆಯ ಮುಂಭಾಗ ಮಾತ್ರ ಇರುತ್ತದೆ. ಅದರಿಂದ ಬಣ್ಣ ಗೊತ್ತಾಗುತ್ತದೆ, ಅದೂ ಪೂರ್ತಿ ಅಲ್ಲ. ಆದರೆ ಸರಿಯಾದ ಜಾಗದ ಫೋಟೋ ಕೇಳಿ ತರಿಸಿಕೊಂಡರೆ ನಕಲಿಯನ್ನು ಎಷ್ಟೋ ಸಲ ಮನೆಯಲ್ಲೇ ಕೂತು ಹಿಡಿಯಬಹುದು. ಅಸಲಿ ಅಂತ ಖಾತ್ರಿ ಮಾಡಿಕೊಳ್ಳೋದು ಮಾತ್ರ ಫೋಟೋದಿಂದ ಆಗುವ ಕೆಲಸ ಅಲ್ಲ.

ಮೊನ್ನೆ ಜಯನಗರದ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಸೀರೆ ಮಾರುವವರೊಬ್ಬರ ಫೋಟೋ ಕಳಿಸಿದಳು. ಹಸಿರು ಮೈ, ಕೆಂಪು ಅಂಚು, ಮೈತುಂಬ ಬುಟ್ಟಾ. ಜೊತೆಗೆ ಸಿಲ್ಕ್ ಮಾರ್ಕ್ ಲೇಬಲ್ಲಿನ ಫೋಟೋ. "ಲೇಬಲ್ ಇದೆಯಲ್ಲ ಮೇಡಂ, ರೇಷ್ಮೆ ಪ್ಯೂರ್, ಜರಿನೂ ಪ್ಯೂರ್" ಅಂತ ಮಾರುವವರ ಮಾತು.

ಹೆಚ್ಚಿನವರು ಎಡವೋದು ಇಲ್ಲೇ. ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ 2004ರಲ್ಲಿ ಬಂತು. ಅದು ಹೇಳೋದು ರೇಷ್ಮೆಯ ಬಗ್ಗೆ ಮಾತ್ರ. ಜರಿಯಲ್ಲಿ ಬೆಳ್ಳಿ ಇದೆಯೋ ಪ್ಲಾಸ್ಟಿಕ್ ಇದೆಯೋ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ದಾರದಲ್ಲಿ ನೇತಾಡುವ ಲೇಬಲ್ಲು ಇದೇ ಸೀರೆಯದ್ದು ಅಂತ ಫೋಟೋ ಹೇಗೆ ಹೇಳುತ್ತೆ?

ಅವಳಿಗೆ ಎರಡು ಫೋಟೋ ಕೇಳು ಅಂದೆ. ಒಂದು, ಸೀರೆಯ ಒಳಮೈ. ಇನ್ನೊಂದು, ಬುಟ್ಟಾದ ಹಿಂದೆ ಕತ್ತರಿಸಿ ಬಿಟ್ಟಿರುವ ಜರಿಯ ತುದಿ. ಎರಡೂ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಆದಷ್ಟು ಹತ್ತಿರದಿಂದ.

ಆ ತುದಿಯ ಫೋಟೋ ದೊಡ್ಡದು ಮಾಡಿ ನೋಡಬೇಕು. ಅಸಲಿ ಜರಿ ಅಂದರೆ ರೇಷ್ಮೆ ಎಳೆಯ ಸುತ್ತ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟಿದ್ದು. ನಮ್ಮ ಕಡೆಯ ಚಿನ್ನದ ಬಣ್ಣದ ಜರಿಯಲ್ಲಿ ಒಳಗಿನ ಎಳೆ ಸಾಮಾನ್ಯವಾಗಿ ಕೆಂಪು. ತಂತಿಯ ಸುತ್ತುಗಳ ನಡುವೆ ಅದು ಸಣ್ಣಗೆ ಇಣುಕುತ್ತದೆ, ತುದಿಯಲ್ಲಿ ಕೆಂಪು ನೂಲಾಗಿ ಬಿಚ್ಚಿಕೊಂಡಿರುತ್ತದೆ. ಬೆಳ್ಳಿ ಬಣ್ಣದ ಜರಿಯಾದರೆ ಒಳಗೆ ಬಿಳಿ ಇದ್ದರೂ ಗಾಬರಿ ಬೇಡ.

ಗೆಳತಿಗೆ ಬಂದ ಫೋಟೋದಲ್ಲಿ ಒಳಗಿನ ನೂಲು ಬಿಳಿ. ಜರಿಯ ಬಣ್ಣ ಚಿನ್ನದ್ದು. ಮೇಲಿನ ಹೊಳಪು ತೆಳುವಾದ ಪಟ್ಟಿಯಂತೆ ಸುಲಿದು ಗಾಳಿಯಲ್ಲಿ ನಿಂತಿತ್ತು. ಲೋಹದ ತಂತಿ ಹಾಗೆ ನಿಲ್ಲೋದಿಲ್ಲ. ಬಗ್ಗಿಸಿದ ಕಡೆ ಬಾಗಿ ಮಡಿಕೆ ಉಳಿಸಿಕೊಳ್ಳುತ್ತದೆ. ಇದು ಲೋಹದ ಬಣ್ಣ ಬಳಿದ ಪ್ಲಾಸ್ಟಿಕ್ ಜರಿ, ಅಷ್ಟೆ.

ಹಾಗಂತ ಕೆಂಪು ಕಂಡ ಕೂಡಲೇ ಕುಣಿಯಬೇಡಿ. ತಾಮ್ರದ ತಂತಿಗೆ ಬೆಳ್ಳಿ ಲೇಪ ಕೊಟ್ಟ ಟೆಸ್ಟೆಡ್ ಜರಿ ಅಂತ ಒಂದಿದೆ. ಅದರೊಳಗೂ ಕೆಂಪು ನೂಲು ಇರಬಹುದು. ಅದನ್ನು ಕೆರೆದರೆ ಒಳಗಿನ ತಾಮ್ರ ಕಾಣುತ್ತದೆ, ಬೆಳ್ಳಿಯಾದರೆ ಬಿಳಿಯಾಗೇ ಇರುತ್ತದೆ. ಆದರೆ ಇದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಫೋನಿನ ಕ್ಯಾಮೆರಾಗೆ ತಾಮ್ರವೂ ಒಂದೇ, ಚಿನ್ನವೂ ಒಂದೇ.

ಇನ್ನು ರೇಷ್ಮೆ. ಮಾರುವವರು ಸುಡುವ ವಿಡಿಯೋ ಕಳಿಸಿದರು. ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟಿದ್ದರು. ಉಂಡೆ ಕಟ್ಟಿದ ಬೂದಿ ಬೆರಳಲ್ಲಿ ಪುಡಿಯಾಯಿತು, ಸರಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಕೃತಕ ರೇಷ್ಮೆ ಅನ್ನುವ ವಿಸ್ಕೋಸ್ ಆಗಿದ್ದರೆ ಕಾಗದದ ಹಾಗೆ ಉರಿಯುತ್ತಿತ್ತು. ರೇಷ್ಮೆ ಸುಟ್ಟಾಗ ಬರುವ ಕೂದಲು ಸುಟ್ಟಂಥ ವಾಸನೆ ವಿಡಿಯೋದಲ್ಲಿ ಬರಲ್ಲ, ಅದು ಬೇರೆ ಮಾತು.

ಆದರೆ ಕುಚ್ಚಿನಲ್ಲಿ ಸಿಗೋದು ಹಾಸಿನ ನೂಲು ಮಾತ್ರ. ಹಾಸು ರೇಷ್ಮೆ ಹಾಕಿ ಹೊಕ್ಕಿಗೆ ಅಗ್ಗದ ನೂಲು ಹಾಕಿದ ಸೀರೆಗಳೂ ಮಾರ್ಕೆಟ್ಟಿನಲ್ಲಿವೆ. ಅಂಥ ಸೀರೆಯೂ ಕುಚ್ಚಿನ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೇ ಬ್ಲೌಸ್ ಪೀಸಿನ ಕೊನೆಯಿಂದ ಅಡ್ಡ ಎಳೆ ಒಂದನ್ನು ಬಿಡಿಸಿ ಸುಡಲು ಹೇಳಿಸಿದೆ. ಸ್ವಲ್ಪ ಮುಖ ಗಂಟಿಕ್ಕಿಕೊಂಡೇ ಮಾಡಿದರಂತೆ. ಅದೂ ಪುಡಿಯಾಯಿತು.

ಅಂದರೆ ರೇಷ್ಮೆಯಲ್ಲಿ ಮೋಸ ಕಾಣಲಿಲ್ಲ. ಜರಿಯ ಮಾತು ಸುಳ್ಳು. ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಜರಿ ಹಾಕೋದು ತಪ್ಪೇನಲ್ಲ, ಹಗುರವಾಗಿಯೂ ಇರುತ್ತದೆ. ಅದಕ್ಕೆ ಬೆಳ್ಳಿ ಜರಿಯ ಬೆಲೆ ಕೇಳೋದು ತಪ್ಪು.

ಹೋಲಿಕೆಗೆ ಹೇಳ್ತೀನಿ, ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಅಂತ ಅವರೇ ಘೋಷಿಸುತ್ತಾರೆ. "ಪ್ಯೂರ್ ಜರಿ" ಅನ್ನುವವರನ್ನು ನೀವೂ ಹೀಗೇ ಕೇಳಿ: ಬೆಳ್ಳಿ ಎಷ್ಟು, ಚಿನ್ನ ಎಷ್ಟು, ಬಿಲ್ಲಿನಲ್ಲಿ ಬರೆದುಕೊಡ್ತೀರಾ? ದುಬಾರಿ ಸೀರೆಯಾದರೆ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿಸಿ. ಸೀರೆಗೆ ಏನೂ ಆಗದೆ ಲೋಹಗಳ ಪ್ರಮಾಣ ಗೊತ್ತಾಗುತ್ತದೆ. ರೇಷ್ಮೆಯ ಅನುಮಾನಕ್ಕೆ ಮಡಿವಾಳದ ರೇಷ್ಮೆ ಮಂಡಳಿ ಆವರಣವೇ ಇದೆ. ನಾವು ಟ್ರಾಫಿಕ್ಕಿನಲ್ಲಿ ನಿಂತು ಬೈಯುವ ಅದೇ ಸಿಲ್ಕ್ ಬೋರ್ಡ್.

ಗೆಳತಿ ಬಿಲ್ಲಿನ ಮಾತು ಎತ್ತಿದ ಮೇಲೆ ಮಾರುವವರು "ಜರಿ ಮಾತ್ರ ಇಮಿಟೇಶನ್ ಮೇಡಂ" ಅಂದು ಬೆಲೆ ಇಳಿಸಿದರು. ಹಸಿರು ಇಷ್ಟವಾಗಿತ್ತು, ತಗೊಂಡಳು.