ಎರಡು ಹೋಂಸ್ಟೇ ಪುಟಗಳು ಎಲ್ಲ ಅಂಕವನ್ನೂ ಎಳೆದುಕೊಂಡಾಗ

ಮಡಿಕೇರಿಯ ಒಂದು ಚಿಕ್ಕ ಆಫೀಸಿನಲ್ಲಿ ನಾನು ಸರ್ಚ್ ಕೆಲಸ ನೋಡಿಕೊಳ್ಳುತ್ತೇನೆ. ಕಾಫಿ, ಕರಿಮೆಣಸು, ಏಲಕ್ಕಿ ಬೆಳೆಯುವವರಿಗೆ ಬೇಕಾದ ಪುಟಗಳನ್ನು ಬೇರೆ ಬೇರೆ ಕಡೆಯಿಂದ ಒಟ್ಟು ಮಾಡಿಟ್ಟಿದ್ದೇವೆ. ಬೆಳೆಗಾರರು ಒಂದು ಪದ ಕೊಟ್ಟಾಗ ಯಾವ ಪುಟ ಮೊದಲು ಬರಬೇಕು ಎಂದು ತೀರ್ಮಾನಿಸುವುದು ನಮ್ಮ ಕೆಲಸ.

"ಕಾಂಡಕೊರಕ" ಎಂದು ಹುಡುಕಿದರೆ ಆ ಪದ ಇರುವ ಪುಟಗಳು ರಾಶಿ ಸಿಗುತ್ತವೆ. ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ಸಾಲು ಹಚ್ಚಿದರೆ, ಔಷಧಿ ಮಾರುವವರು ಅದೇ ಪದವನ್ನು ಮತ್ತೆ ಮತ್ತೆ ತುಂಬಿಸಿದ ಪುಟವೇ ಮೇಲೆ ಬರುತ್ತದೆ. ಅದಕ್ಕೇ ಲಿಂಕ್‌ಗಳನ್ನೂ ನೋಡುತ್ತೇವೆ.

ಈ ದಾರಿಯನ್ನು ವೆಬ್‌ಗೆ ತಂದವರು ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್. 1998ರಲ್ಲಿ ಪೇಜ್‌ರ್ಯಾಂಕ್ ಹೆಸರಿನಲ್ಲಿ ಅದನ್ನು ಬರೆದು ಹೊರತಂದರು. ಒಂದು ಪುಟಕ್ಕೆ ಎಷ್ಟು ಲಿಂಕ್ ಬಂದಿದೆ ಎಂದು ಸುಮ್ನೆ ಎಣಿಸುವುದಲ್ಲ ಇದು. ಲಿಂಕ್ ಕೊಟ್ಟ ಪುಟದ ತೂಕವೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚು ಅಂಕ ಇರುವ ಪುಟದ ಲಿಂಕ್‌ಗೆ ಬೆಲೆ ಜಾಸ್ತಿ. ಆದರೆ ಆ ಪುಟ ಹತ್ತು ಕಡೆ ಲಿಂಕ್ ಕೊಟ್ಟಿದ್ದರೆ ಅದರ ಅಂಕ ಹತ್ತು ಪಾಲಾಗುತ್ತದೆ.

ಹಾಗಾದರೆ ಲಿಂಕ್ ಕೊಟ್ಟ ಪುಟದ ಅಂಕ ಎಲ್ಲಿಂದ ಬಂತು? ಅದಕ್ಕೆ ಲಿಂಕ್ ಕೊಟ್ಟವರಿಂದ. ಅವರಿಗೆ? ಅವರಿಗೆ ಲಿಂಕ್ ಕೊಟ್ಟವರಿಂದ. ಈ ಸುತ್ತಿಗೆ ತುದಿ ಇಲ್ಲ. ಅದಕ್ಕೇ ಎಲ್ಲ ಪುಟಕ್ಕೂ ಸಮ ಅಂಕ ಕೊಟ್ಟು ಶುರು ಮಾಡುತ್ತೇವೆ. ಪ್ರತಿ ಸುತ್ತಿನಲ್ಲೂ ಪ್ರತಿ ಪುಟ ತನ್ನ ಅಂಕವನ್ನು ಲಿಂಕ್‌ಗಳಿಗೆ ಹಂಚುತ್ತದೆ. ಅಂಕಗಳು ಕದಲದೆ ನಿಲ್ಲುವವರೆಗೆ ಹಂಚುತ್ತಾ ಹೋಗುವುದು, ಅಷ್ಟೇ.

ಹೊಸದಾಗಿ ಸೇರಿದ ಹುಡುಗ ಒಂದು ದಿನ ಸ್ಕ್ರೀನ್ ತಿರುಗಿಸಿ ತೋರಿಸಿದ. "ಅಕ್ಕ, ನೋಡಿ. ಮೆಣಸಿನ ಬಳ್ಳಿ ಅಂತ ಹುಡುಕಿದ್ರೂ ಈ ಹೋಂಸ್ಟೇ ಪುಟಗಳೇ ಮೇಲೆ ಬರ್ತಿವೆ." ಆ ಪುಟಗಳಲ್ಲೂ ಮೆಣಸಿನ ಬಳ್ಳಿಯ ಮಾತು ಇತ್ತು, ತೋಟದ ಚಿತ್ರದ ಕೆಳಗೆ ಒಂದೇ ಒಂದು ಸಾಲು. ಲಿಂಕ್ ಅಂಕ ಮಾತ್ರ ವಿಪರೀತ ಜಾಸ್ತಿ.

ಕಾರಣ ಕಾಣಲು ನಾಲ್ಕೇ ಪುಟ ಸಾಕು. ಕಾಫಿ ಪುಟ K, ಮೆಣಸಿನ ಪುಟ M, ಎರಡು ಹೋಂಸ್ಟೇ ಪುಟಗಳು H1, H2. K ಲಿಂಕ್ ಕೊಡುವುದು M ಒಂದಕ್ಕೇ. M ಎರಡು ಲಿಂಕ್ ಕೊಡುತ್ತದೆ, K ಗೆ ಒಂದು, H1 ಗೆ ಒಂದು. H1 ಮತ್ತು H2 ಒಂದಕ್ಕೊಂದು ಮಾತ್ರ ಲಿಂಕ್ ಕೊಟ್ಟುಕೊಂಡಿವೆ. ಒಟ್ಟು ಅಂಕ 100 ಎಂದಿಟ್ಟುಕೊಳ್ಳೋಣ. ಶುರುವಿನಲ್ಲಿ ಎಲ್ಲರಿಗೂ 25.

ಮೊದಲ ಸುತ್ತು ಮುಗಿದಾಗ K 12.5, M 25, H1 37.5, H2 25. ಎರಡನೇ ಸುತ್ತಿಗೆ K, M ಎರಡೂ 12.5, ಹೋಂಸ್ಟೇ ಪುಟಗಳು 37.5 ಮತ್ತು 37.5. ನಾಲ್ಕನೇ ಸುತ್ತಿಗೆ K, M ತಲಾ 6.25. ಎರಡೆರಡು ಸುತ್ತಿಗೆ ಅವುಗಳ ಅಂಕ ಅರ್ಧ ಆಗುತ್ತಾ ಹೋಗುತ್ತದೆ. ಇಪ್ಪತ್ತು ಸುತ್ತು ಕಳೆದರೆ ಎರಡೂ ಸೇರಿ 0.05ರಷ್ಟು ಉಳಿಯುತ್ತದೆ. ಹೋಂಸ್ಟೇ ಜೋಡಿಯೊಳಗೆ ಹೋದ ಅಂಕಕ್ಕೆ ಹೊರಗೆ ಬರುವ ದಾರಿಯೇ ಇಲ್ಲ, ಅಲ್ವಾ?

ಇಲ್ಲೇ ಇನ್ನೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ದರಪಟ್ಟಿಯ ಪಿಡಿಎಫ್‌ಗಳಿಗೆ ಲಿಂಕ್ ಬರುತ್ತದೆ, ಅವುಗಳಿಂದ ಹೊರಗೆ ಯಾವ ಲಿಂಕೂ ಹೋಗುವುದಿಲ್ಲ. ಅಲ್ಲಿಗೆ ಹೋದ ಅಂಕ ಮಾಯವಾಗುತ್ತದೆ. ಇದನ್ನು ಹಿಡಿಯುವುದು ಸುಲಭ. ಪ್ರತಿ ಸುತ್ತಿನ ಕೊನೆಗೆ ಎಲ್ಲ ಅಂಕ ಕೂಡಿಸಿ, 100ಕ್ಕಿಂತ ಕಮ್ಮಿ ಬಂದರೆ ಎಲ್ಲೋ ಸೋರುತ್ತಿದೆ. ಅಂಥ ಪುಟ ಎಲ್ಲ ಪುಟಕ್ಕೂ ಲಿಂಕ್ ಕೊಟ್ಟಿದೆ ಎಂದು ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಹೋಂಸ್ಟೇ ಜೋಡಿಯದ್ದು ಹಾಗಲ್ಲ. ಮೊತ್ತ ಸರಿಯಾಗಿ 100 ಇರುತ್ತದೆ, ಹಂಚಿಕೆ ಮಾತ್ರ ಕೆಟ್ಟಿರುತ್ತದೆ. ಅದಕ್ಕೇ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಪೇಜ್ ಮತ್ತು ಬ್ರಿನ್ ಇದಕ್ಕೆ ಒಂದು ದಾರಿ ಕೊಟ್ಟಿದ್ದಾರೆ. ಲಿಂಕ್ ಒತ್ತುತ್ತಾ ಹೋಗುವ ಓದುಗ ನಡುನಡುವೆ ಬೇಸರವಾಗಿ ಎಲ್ಲ ಬಿಟ್ಟು ಬೇರೆ ಯಾವುದೋ ಪುಟಕ್ಕೆ ಹಾರುತ್ತಾನೆ ಎಂದುಕೊಳ್ಳಿ. ನೂರರಲ್ಲಿ 85 ಪಾಲು ಲಿಂಕ್ ಹಿಡಿದು ಹೋಗುತ್ತದೆ, 15 ಪಾಲು ಹಾರಿಕೆಯಲ್ಲಿ ಎಲ್ಲ ಪುಟಕ್ಕೂ ಸಮನಾಗಿ ಹಂಚಿಹೋಗುತ್ತದೆ. ನಾಲ್ಕು ಪುಟ ಇದ್ದರೆ ತಲಾ 3.75.

```
K = M = H1 = H2 = 25
for i in range(60):
    K, M, H1, H2 = (
        3.75 + 0.85 * M / 2,
        3.75 + 0.85 * K,
        3.75 + 0.85 * (M / 2 + H2),
        3.75 + 0.85 * H1,
    )
```

ಪ್ರತಿ ಸುತ್ತಿಗೂ ತಪ್ಪಿನ ಅಳತೆ 0.85ರಷ್ಟಕ್ಕೆ ಇಳಿಯುವುದರಿಂದ ಅರವತ್ತು ಸುತ್ತು ಧಾರಾಳ ಸಾಕು. 32.2 ಕೋಟಿ ಲಿಂಕ್‌ಗಳ ಮೇಲೆ ನಡೆಸಿದಾಗಲೂ ಸುಮಾರು 52 ಸುತ್ತಿಗೆ ಅಂಕ ನಿಂತಿತು ಎಂದು ಅವರು ಬರೆದಿದ್ದಾರೆ.

ನಮ್ಮ ನಾಲ್ಕು ಪುಟಗಳಲ್ಲಿ ಅಂಕ ಹೀಗೆ ನಿಲ್ಲುತ್ತದೆ: K 8.4, M 10.9, H1 41.6, H2 39.1. ಕಾಫಿ, ಮೆಣಸಿನ ಪುಟಗಳು ಸೊನ್ನೆಗೆ ಇಳಿಯಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಜೋಡಿಗೆ ಇನ್ನೂ ಸುಮಾರು 81. ಹಾರಿಕೆ ಸೇರಿಸಿದ ಕೂಡಲೇ ಬಲೆ ಹರಿಯಿತು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ.

M ನಿಂದ H1 ಗೆ ಹೋಗುವ ಲಿಂಕ್ ತೆಗೆದುಬಿಟ್ಟರೆ? ಆಗ ನಾಲ್ಕೂ ಪುಟಕ್ಕೆ 25 ಬರುತ್ತದೆ. ಹೊರಗಿನವರು ಒಬ್ಬರೂ ಲಿಂಕ್ ಕೊಡದ ಜೋಡಿಗೆ 50! ಈ ಅಂಕ ಬಂದದ್ದು ಹಾರಿಕೆಯಿಂದ. ಸಮನಾಗಿ ಹಂಚುವ 15ರಲ್ಲಿ ಅವರಿಗೆ 7.5 ಸಿಗುತ್ತದೆ, ಅದು ಒಳಗೇ ಸುತ್ತಿ ಸುತ್ತಿ ಬೆಳೆಯುತ್ತದೆ. ಅವರು ಇನ್ನೂ ಆರು ಖಾಲಿ ಪುಟ ಸೇರಿಸಿದರು ಎಂದುಕೊಳ್ಳಿ. ಹತ್ತು ಪುಟಗಳಲ್ಲಿ ಎಂಟು ಅವರದು, 15ರಲ್ಲಿ 12 ಅವರಿಗೆ. ನೂರಾರು ಪೊಳ್ಳು ಪುಟ ಮಾಡಿ ಒಂದಕ್ಕೊಂದು ಲಿಂಕ್ ಹೊಸೆಯುವ ದಂಧೆ ಬೆಳೆದದ್ದು ಇದರ ಮೇಲೇ. ಪುಟ ಮಾಡುವ ಖರ್ಚು ಏನೂ ಅಲ್ಲ, ಪ್ರತಿ ಹೊಸ ಪುಟವೂ ಹಾರಿಕೆಯ ಪಾಲು ತರುತ್ತದೆ.

ಹಾಗಾಗಿ ಹಾರಿಕೆ ಎಲ್ಲಿಗೆ ಎಂಬುದೇ ಮುಖ್ಯ ಪ್ರಶ್ನೆ. ಎಲ್ಲ ಪುಟಕ್ಕೂ ಹಾರುವ ಬದಲು, ಮನುಷ್ಯರು ಓದಿ ನಂಬಿದ ಕೆಲವು ಪುಟಗಳಿಗೆ ಮಾತ್ರ ಹಾರಲಿ. 2004ರಲ್ಲಿ ಟ್ರಸ್ಟ್‌ರ್ಯಾಂಕ್ ಎಂಬ ಹೆಸರಿನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಯಾಹೂ ಕಡೆಯವರು ಇದನ್ನೇ ಮುಂದಿಟ್ಟರು. ನಮ್ಮಲ್ಲಿ 15 ಅಂಕವನ್ನು K, M ಗೆ ಮಾತ್ರ, ತಲಾ 7.5 ಕೊಟ್ಟು ನೋಡಿದೆವು. M ನ ಲಿಂಕ್ ಹಾಗೇ ಇದ್ದಾಗ ಜೋಡಿ 81ರಿಂದ ಸುಮಾರು 62ಕ್ಕೆ ಇಳಿಯಿತು. ಆ ಲಿಂಕನ್ನೂ ಬಿಟ್ಟು ಲೆಕ್ಕ ಹಾಕಿದಾಗ ಸೊನ್ನೆ. ಒಂದನ್ನೇ ಮಾಡಿದರೆ ಸಾಲದು, ಎರಡೂ ಬೇಕು.

ಆ ಲಿಂಕ್ ಏನು ಎಂದು ಹುಡುಗ ತೆರೆದು ನೋಡಿದ. ಮೆಣಸಿನ ಪುಟದ ಬದಿಯಲ್ಲಿ ಹಾಕಿದ್ದ ಜಾಹೀರಾತು. ಅದನ್ನು ಅಲ್ಲಿಂದ ಕೀಳುವ ಹಕ್ಕು ನಮಗಿಲ್ಲ, ಕೀಳುವ ಅಗತ್ಯವೂ ಇಲ್ಲ. ದುಡ್ಡು ಪಡೆದ ಲಿಂಕ್‌ಗೆ, ಇದನ್ನು ಅಂಕಕ್ಕೆ ಲೆಕ್ಕ ಹಿಡಿಯಬೇಡಿ ಎಂದು ಸರ್ಚ್‌ಗೆ ಹೇಳುವ `rel="nofollow"` ಗುರುತು ಹಾಕಿರುತ್ತಾರೆ, ಅದು 2005ರಿಂದ ಬಳಕೆಯಲ್ಲಿದೆ. ಇಲ್ಲಿ ಹಾಕಿರಲಿಲ್ಲ. ಈಗ ಜಾಹೀರಾತಿನ ಜಾಗದಿಂದ ಬರುವ ಲಿಂಕ್‌ಗಳನ್ನು ನಾವೇ ಗುರುತಿಸಿ ಲೆಕ್ಕದಿಂದ ಬಿಡುತ್ತೇವೆ.

ನಂಬಿದ ಪುಟಗಳ ಪಟ್ಟಿಗೆ ತನ್ನದೇ ಕಷ್ಟ ಇದೆ. ಸೋಮವಾರಪೇಟೆಯ ಒಬ್ಬ ಬೆಳೆಗಾರ ನೆರಳು ಕತ್ತರಿಸುವ ಬಗ್ಗೆ ನಿನ್ನೆ ಚೆನ್ನಾಗಿ ಬರೆದಿದ್ದರೆ, ಅದಕ್ಕೆ ಇನ್ನೂ ಯಾರೂ ಲಿಂಕ್ ಕೊಟ್ಟಿರುವುದಿಲ್ಲ. ಅವರ ಅಂಕವೂ ಸೊನ್ನೆ, ಪೊಳ್ಳು ಪುಟದ ಅಂಕವೂ ಸೊನ್ನೆ. ಲಿಂಕ್ ಲೆಕ್ಕ ಇವೆರಡನ್ನು ಬೇರೆ ಮಾಡಲಾರದು. ಹಾಗಾಗಿ ಸೊನ್ನೆ ಅಂಕದ ಪುಟಗಳನ್ನು ಪದದ ಹೊಂದಿಕೆಯಿಂದ ಸಾಲು ಹಚ್ಚುತ್ತೇವೆ. ಹೊಸದಾಗಿ ಬಂದವನ್ನು ಇಬ್ಬರು ಕೂತು ಓದುತ್ತೇವೆ, ಒಳ್ಳೆಯದು ಕಂಡರೆ ಪಟ್ಟಿಗೆ ಸೇರಿಸುತ್ತೇವೆ.