ಬುಡಕ್ಕೆ ಆರು ವಾರಕ್ಕೊಮ್ಮೆ, ಉದ್ದಕ್ಕೆ ಯಾವಾಗ?

ಬಣ್ಣ ಹಾಕಿಸಿಕೊಳ್ಳಲು ಬಂದವರ ಕೂದಲನ್ನು ನಾನು ಮೊದಲು ಒದ್ದೆ ಮಾಡಿ ಎಳೆದು ನೋಡುತ್ತೇನೆ. ಒಣಗಿದ ಕೂದಲು ಸುಳ್ಳು ಹೇಳುತ್ತದೆ. ಎಣ್ಣೆ, ಸೀರಮ್, ಕಂಡೀಶನರ್ ಎಲ್ಲ ಸೇರಿ ಹಾಳಾದ ಕೂದಲಿಗೂ ಹೊಳಪು ಕೊಡುತ್ತವೆ. ನೀರು ಬಿದ್ದ ಮೇಲೆ ಮಾತ್ರ ಅದರ ನಿಜವಾದ ತಾಕತ್ತು ತಿಳಿಯುತ್ತದೆ.

ಕಲಬುರಗಿಯಲ್ಲಿ ಜೇವರ್ಗಿ ರಸ್ತೆಯ ಕಡೆ ನನ್ನದೊಂದು ಸಣ್ಣ ಪಾರ್ಲರ್ ಇದೆ. ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಭಾನುವಾರ, ಶಹಾಬಾದಿನಿಂದ ಒಬ್ಬ ಹೈಸ್ಕೂಲ್ ಟೀಚರ್ ಬಂದರು. ಮಗಳ ನಿಶ್ಚಿತಾರ್ಥ ಹತ್ತಿರದಲ್ಲಿತ್ತು. ಶುಕ್ರವಾರವೇ ಕರೆಸಿ, ಕಿವಿಯ ಹಿಂದೆ ಚೂರು ಬಣ್ಣ ಹಚ್ಚಿ ಕಳಿಸಿದ್ದೆ. 48 ಗಂಟೆ ಕಳೆದರೂ ತುರಿಕೆ, ಕೆಂಪು ಏನೂ ಇರಲಿಲ್ಲ. ವರ್ಷಗಟ್ಟಲೆ ಹಚ್ಚಿಕೊಂಡವರಿಗೂ ಡೈ ಒಂದು ದಿನ ಆಗದೇ ಹೋಗಬಹುದು. ಹಾಗಾಗಿ ಹಳೇ ಗಿರಾಕಿಯಾದರೂ ಈ ಟೆಸ್ಟ್ ನಾನು ಬಿಡುವುದಿಲ್ಲ.

"ಬಣ್ಣ ನಿಲ್ಲವಲ್ದು ನೋಡ್ರಿ ಅಕ್ಕಾ. ಹದಿನೈದು ದಿನಕ್ಕ ತುದಿ ಎಲ್ಲಾ ಕೆಂಪಗಾಗ್ತದ. ಮತ್ತ ಹಚ್ಚಬೇಕು" ಅಂದರು. ಮನೆಯಲ್ಲೇ, ಪ್ಯಾಕೆಟ್ ತಂದು, ಮೂರು ವಾರಕ್ಕೊಮ್ಮೆ ಬುಡದಿಂದ ತುದಿಯವರೆಗೆ ಹಚ್ಚಿಕೊಳ್ಳುತ್ತಿದ್ದರಂತೆ. ಮೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಹೀಗೇ ನಡೆದಿತ್ತು. ನಿಶ್ಚಿತಾರ್ಥಕ್ಕೆ ಇನ್ನೊಮ್ಮೆ "ಪೂರಾ ತಲೀಗಿ" ಹಾಕಿಬಿಡಿ ಅನ್ನುವುದು ಅವರ ಬೇಡಿಕೆ.

ಒಂದೊಂದೇ ಎಳೆಯನ್ನು ಒದ್ದೆ ಮಾಡಿ ಎಳೆದೆ. ಬುಡದ ಹತ್ತಿರದ ಕೂದಲು ಸ್ವಲ್ಪ ಹಿಗ್ಗಿ, ಬಿಟ್ಟ ಕೂಡಲೇ ಮೊದಲಿನ ಉದ್ದಕ್ಕೆ ಬಂತು. ಗಟ್ಟಿ ಕೂದಲು ಹಾಗೇ ಮಾಡಬೇಕು. ನಡುವಿನದು ಹಿಗ್ಗಿತು, ಹಿಂದಕ್ಕೆ ಬರಲು ತಡಮಾಡಿತು. ತುದಿಯದು ಹಿಗ್ಗುತ್ತಲೇ ಹೋಯಿತು, ತೆಳ್ಳಗಾಯಿತು, ತುಂಡಾಯಿತು. ಒಂದೇ ತಲೆ, ಒಂದೇ ಬಣ್ಣ, ಆದರೆ ಮೂರು ಕಡೆ ಮೂರು ಥರ.

ಯಾಕೆ ಅಂತ ಅವರಿಗೆ ಟೇಪು ಹಿಡಿದೇ ತೋರಿಸಿದೆ. ಕೂದಲು 42 ಸೆಂಟಿಮೀಟರ್ ಇತ್ತು. ತಲೆಗೂದಲು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ತುದಿಯ ಕೂದಲು ಬುಡದಿಂದ ಹೊರಬಂದು 35 ತಿಂಗಳಾಗಿದೆ. ಮೂರು ವಾರಕ್ಕೊಮ್ಮೆ ಅಂದರೆ ಆ ತುದಿ ಹತ್ತಿರಹತ್ತಿರ 50 ಸಲ ಡೈ ಕಂಡಿದೆ. ನಡುವಿನ ಕೂದಲು ಸುಮಾರು 25 ಸಲ. ಬುಡದ್ದು ಒಂದೋ ಎರಡೋ ಸಲ. ಲೆಕ್ಕದ ಟೀಚರೇ ಅವರು. ಟೇಪು ನನ್ನ ಕೈಯಿಂದ ತಗೊಂಡು ತಾವೇ ಇನ್ನೊಮ್ಮೆ ಅಳೆದುಕೊಂಡರು.

"ವರ್ಷಕ್ಕೆ ಎಷ್ಟು ಸಲ ಹಾಕಬಹುದು" ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ತಲೆಯದ್ದಲ್ಲ, ಕೂದಲಿನ ಒಂದೊಂದು ಭಾಗದ್ದು. ಬುಡಕ್ಕೆ ಮಾತ್ರ ಹಚ್ಚುತ್ತಾ ಹೋದರೆ ವರ್ಷಕ್ಕೆ ಎಂಟು ಒಂಬತ್ತು ಸಲ ಬಣ್ಣ ಹಾಕಿದರೂ ಪ್ರತಿ ತುಂಡು ಕೂದಲು ತನ್ನ ಆಯುಷ್ಯದಲ್ಲಿ ಒಂದೇ ಸಲ ಡೈ ಕಾಣುತ್ತದೆ. ಪ್ರತಿ ಸಲವೂ ತುದಿಯವರೆಗೆ ಎಳೆದರೆ, ಎರಡು ತಿಂಗಳಿಗೊಮ್ಮೆ ಹಾಕಿದರೂ ಪೆಟ್ಟು ಕೂಡುತ್ತಲೇ ಹೋಗುತ್ತದೆ.

ಪೆಟ್ಟು ಬೀಳುವುದು ಹೇಗೆ ಅಂದರೆ, ಕೂದಲಿನ ಹೊರಮೈ ಹಂಚು ಹೊದಿಸಿದ ಹಾಗಿರುತ್ತದೆ. ಬಿಳಿಗೂದಲು ಮುಚ್ಚುವ ಕಾಯಂ ಬಣ್ಣದಲ್ಲಿರುವ ಕ್ಷಾರ ಆ ಹಂಚುಗಳನ್ನು ಉಬ್ಬಿಸಿ ಎತ್ತುತ್ತದೆ. ಪೆರಾಕ್ಸೈಡ್ ಒಳಗೆ ಹೋಗಿ ಬಣ್ಣ ಹುಟ್ಟುವಂತೆ ಮಾಡುತ್ತದೆ. ಇದರ ಜೊತೆಗೆ ಕೂದಲಿನ ಮೇಲೆ ಹುಟ್ಟಿನಿಂದಲೇ ಇರುವ ತೆಳುವಾದ ಜಿಡ್ಡಿನ ಪದರವೂ ಕಿತ್ತುಹೋಗುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ. ಹೊರಬಂದ ಕೂದಲಿಗೆ ಜೀವವಿಲ್ಲ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲು ಅದಕ್ಕಾಗದು. ಒಂದು ಸಲದ ಪೆಟ್ಟನ್ನು ಕೂದಲು ತಡೆದುಕೊಳ್ಳುತ್ತದೆ. ಹತ್ತಾರು ಸಲವಾದರೆ ಹಂಚುಗಳು ಎದ್ದೇ ಉಳಿಯುತ್ತವೆ. ಒಳಗೆ ಹೋದ ಬಣ್ಣ ಪ್ರತಿ ಸ್ನಾನದಲ್ಲೂ ಸೋರಿಹೋಗುತ್ತದೆ.

ಟೀಚರ್ ಹೇಳಿದ "ಬಣ್ಣ ನಿಲ್ಲವಲ್ದು" ಇದೇ. ತುದಿ ಹಾಳಾಗಿದ್ದಕ್ಕೇ ಬಣ್ಣ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿಲ್ಲ ಅಂತ ಮತ್ತೆ ಹಚ್ಚಿದ್ದಕ್ಕೆ ತುದಿ ಇನ್ನಷ್ಟು ಹಾಳಾಗುತ್ತಿತ್ತು. ಈ ಸುಳಿಗೆ ಸಿಕ್ಕವರು ನಮ್ಮೂರಲ್ಲಿ ಬಹಳ ಮಂದಿ. ನೋಡಿದಾಗ ಹೊಟ್ಟೆ ಉರಿಯುತ್ತದೆ.

"ಅಮೋನಿಯಾ ಇಲ್ಲದ್ದೇ ತರ್ತೀನ್ರಿ ನಾ" ಅಂದರು. ಅಮೋನಿಯಾ ಇಲ್ಲದ ಪ್ಯಾಕೆಟ್ಟಿನಲ್ಲೂ ಹಂಚು ಎತ್ತಲು ಬೇರೊಂದು ಕ್ಷಾರ ಇರುತ್ತದೆ, ಹೆಚ್ಚಾಗಿ ಎಥನೋಲಮೈನ್. ಅದಕ್ಕೆ ಗಾಟು ವಾಸನೆ ಇಲ್ಲ, ಅಷ್ಟೇ. ಪೆರಾಕ್ಸೈಡ್ ಅಂತೂ ಇದ್ದೇ ಇದೆ. ವಾಸನೆ ಬರುವುದಿಲ್ಲ ಅಂತ ಹೆಚ್ಚು ಸಲ ಹಚ್ಚಲು ಅದೇನೂ ರಹದಾರಿಯಲ್ಲ.

ಆ ದಿನ ತುದಿಯಿಂದ ಮೊದಲು ಎರಡು ಇಂಚು ಕತ್ತರಿಸಿದೆ. ಟೀಚರಿಗೆ ಜಡೆಯ ಮೇಲೆ ಪ್ರೀತಿ. ಕಣ್ಣು ಮುಚ್ಚಿ ಕೂತರು. ಆಮೇಲೆ ತಲೆಯನ್ನು ನಾಲ್ಕು ಪಾಲು ಮಾಡಿದೆ. ಬಿಳಿ ಬಂದ ಬುಡ ಒಂದು ಸೆಂಟಿಮೀಟರಿನಷ್ಟು ಇತ್ತು. ಅದು ಮುಗಿದು ಹಳೇ ಬಣ್ಣ ಶುರುವಾಗುವ ಕಡೆಯಿಂದ ಕೆಳಕ್ಕೆ ಕಂಡೀಶನರನ್ನು ದಪ್ಪಗೆ ಸವರಿದೆ. ಬಣ್ಣ ಜಾರಿದರೂ ಹಳೇ ಕೂದಲಿಗೆ ಸಲೀಸಾಗಿ ಹತ್ತಬಾರದು. ಬುಡಕ್ಕೆ ಕಡು ಕಂದು ಬಣ್ಣವನ್ನು 20 ವಾಲ್ಯೂಮ್ ಡೆವಲಪರ್ ಜೊತೆ ಕಲಸಿದೆ. ಅಂದರೆ ಶೇಕಡಾ 6ರ ಪೆರಾಕ್ಸೈಡ್. ಬಿಳಿ ಮುಚ್ಚಲು ಅಷ್ಟು ಸಾಕು. 30, 40 ವಾಲ್ಯೂಮ್ ಇರುವುದು ಕೂದಲನ್ನು ತಿಳಿಯಾಗಿಸಲು. ಬಿಳಿಗೂದಲಿಗೆ ಅದು ಸುಮ್ನೆ ಹಾನಿ. ಬಿಳಿ ಜಾಸ್ತಿ ಇದ್ದ ಹಣೆಯ ಎರಡೂ ಪಕ್ಕ ಮತ್ತು ಬೈತಲೆಯಿಂದ ಶುರುಮಾಡಿ, ಹಚ್ಚಿ ಮುಗಿದ ಮೇಲೆ 35 ನಿಮಿಷ ಬಿಟ್ಟೆ.

ಉದ್ದಕ್ಕೆ ಆ ದಿನ ಪೆರಾಕ್ಸೈಡ್ ಮುಟ್ಟಿಸಲಿಲ್ಲ. ಬುಡ ತೊಳೆದು, ಟವೆಲ್ಲಿನಿಂದ ಒತ್ತಿ ನೀರು ತೆಗೆದು, ಡೆವಲಪರ್ ಬೇಡದ ಸೆಮಿ ಪರ್ಮನೆಂಟ್ ಕಂದು ಬಣ್ಣ ಹಚ್ಚಿದೆ. ಅದು ಹಂಚನ್ನು ಎತ್ತುವುದಿಲ್ಲ, ಮೇಲ್ಮೇಲೆ ಕೂರುತ್ತದೆ. ಕೆಲವು ಸ್ನಾನಗಳಿಗೆ ಹೋಗುತ್ತದೆ. ಹೋದರೆ ಮತ್ತೆ ಹಚ್ಚಬಹುದು, ಕೂದಲು ಹಾಳಾಗುವ ಭಯವಿಲ್ಲ. ತುದಿಗೆ ಎಲ್ಲಕ್ಕಿಂತ ಕೊನೆಗೆ ಹಚ್ಚಿದೆ. ಸೋರುವ ಕೂದಲು ಬಣ್ಣವನ್ನು ಬೇಗ ಹೀರಿ ಕಪ್ಪಾಗಿಬಿಡುತ್ತದೆ.

ಇನ್ನು ಮುಂದಿನ ಲೆಕ್ಕ. ಮೂರು ವಾರ ಬೇಡ, ಆರು ವಾರಕ್ಕೆ ಬನ್ನಿ ಅಂದೆ. ಮೂರು ವಾರದಲ್ಲಿ ಬರುವ ಬುಡ ಒಂದು ಸೆಂಟಿಮೀಟರೂ ಇರುವುದಿಲ್ಲ. ಎಷ್ಟೇ ಕೈ ಪಳಗಿದ್ದರೂ ಬ್ರಷ್ ಅಷ್ಟು ಚಿಕ್ಕ ಜಾಗದಲ್ಲಿ ನಿಲ್ಲದು. ಅರ್ಧ ಬಣ್ಣ ಹಳೇ ಕೂದಲ ಮೇಲೆ ಬೀಳುತ್ತದೆ. ಹಾಗೆ ಬಿದ್ದ ಕಡೆಯೇ ಮುಂದೆ ಕೂದಲು ಮುರಿಯುವುದು. ಬಾಚುವಾಗ ಬುಡದಿಂದ ಎರಡು ಮೂರು ಸೆಂಟಿಮೀಟರ್ ಉದ್ದದ ಮೋಟು ಕೂದಲು ನೆಟ್ಟಗೆ ನಿಂತರೆ, ಅದು ಹೊಸ ಕೂದಲೋ ಮುರಿದದ್ದೋ ನೋಡಬೇಕು. ಹೊಸದರ ತುದಿ ಸೂಜಿಯ ಥರ ಚೂಪಾಗಿರುತ್ತದೆ, ಮುರಿದದ್ದು ಮೊಂಡು. ಆರು ವಾರಕ್ಕೆ 1.6, 1.7 ಸೆಂಟಿಮೀಟರ್ ಬರುತ್ತದೆ. ಬ್ರಷ್‌ಗೆ ಅದು ಸರಿಯಾದ ಅಗಲ. ಬಿಳಿ ತೀರಾ ಎದ್ದು ಕಾಣುವವರಿಗೆ ನಾಲ್ಕು ವಾರಕ್ಕೂ ಹಾಕುತ್ತೇನೆ, ಅದಕ್ಕಿಂತ ಮೊದಲು ಇಲ್ಲ.

ಬಹಳ ತಡಮಾಡುವುದೂ ಒಳ್ಳೆಯದಲ್ಲ. ನೆತ್ತಿಯ ಶಾಖಕ್ಕೆ ಬುಡದ ಬಣ್ಣ ಬೇಗ ಏರುತ್ತದೆ. ಎಂಟು ವಾರ ದಾಟಿ ಬುಡ ಉದ್ದವಾದರೆ, ನೆತ್ತಿಗೆ ಅಂಟಿದ ಭಾಗ ಒಂದು ಬಣ್ಣ, ಅದರ ಮುಂದಿನದು ಇನ್ನೊಂದು ಬಣ್ಣವಾಗಿ ಪಟ್ಟಿ ಬೀಳಬಹುದು. ಪಟ್ಟಿ ಮುಚ್ಚಲು ಮತ್ತೆ ಹಚ್ಚಬೇಕಾಗುತ್ತದೆ.

"ನಡುವ ಬೆಳ್ಳಗ ಕಂಡ್ರ ಶಾಲಿಗಿ ಹೆಂಗ ಹೋಗ್ಲಿ?" ಅಂದರು. ನಾಲ್ಕನೇ ವಾರದ ಮೇಲೆ ಬೈತಲೆಗೆ, ಹಣೆಯ ಅಂಚಿಗೆ ಬಣ್ಣದ ಪುಡಿ ಇಲ್ಲವೇ ಟಚ್‌ಅಪ್ ಕಡ್ಡಿ ಹಚ್ಚಿಕೊಳ್ಳಿ, ಸ್ನಾನಕ್ಕೆ ಹೋಗಿಬಿಡುತ್ತದೆ ಅಂದೆ. ಬೈತಲೆಯನ್ನು ನೇರ ತೆಗೆಯದೆ ಸೊಟ್ಟಗೆ ತೆಗೆದರೂ ಒಂದು ವಾರ ದಾಟುತ್ತದೆ.

ನೀರಿನದ್ದೂ ಹೇಳಲೇಬೇಕು. ಅವರ ಮನೆಯಲ್ಲಿ ಬೋರಿನ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವ ನೀರು. ಅದರ ಸುಣ್ಣ ಸೋರುವ ಕೂದಲಿಗೆ ಅಂಟಿ ಬಿರುಸು ಮಾಡುತ್ತದೆ. ನೀರಿನಲ್ಲಿ ತಾಮ್ರ, ಕಬ್ಬಿಣದ ಅಂಶವಿದ್ದರೆ ಪೆರಾಕ್ಸೈಡ್ ಅದರ ಜೊತೆ ಸೇರಿ ಕೂದಲನ್ನು ಇನ್ನಷ್ಟು ಕೆಡಿಸುತ್ತದೆ. ಹಾಗಾಗಿ ಬಣ್ಣದ ಹಿಂದಿನ ಸ್ನಾನಕ್ಕೆ ಖನಿಜ ತೆಗೆಯುವ ಕೀಲೇಟಿಂಗ್ ಶಾಂಪೂ ಬಳಸಿ, ಕೊನೆಯ ಚೊಂಬು ಫಿಲ್ಟರ್ ನೀರು ಹಾಕಿಕೊಳ್ಳಿ ಅಂದೆ. ಬಿಸಿಲಿಗೂ ಬಣ್ಣ ಹಾರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ತಲೆಯ ಮೇಲೆ ಸೆರಗು ಇರಲಿ.

ಆರು ವಾರಕ್ಕೆ ಬಂದರು, ಬುಡಕ್ಕೆ ಮಾತ್ರ ಹಾಕಿದೆ. ಮತ್ತೆ ಆರು ವಾರಕ್ಕೂ ಅಷ್ಟೇ. ಅದರ ಮುಂದಿನ ಸಲ, ಮಳೆ ಹಿಡಿದಿದ್ದ ಹೊತ್ತಿಗೆ, ಉದ್ದ ಸ್ವಲ್ಪ ಮಸುಕಾಗಿತ್ತು. ನಡುವಿನ ಎಳೆಯನ್ನು ಒದ್ದೆ ಮಾಡಿ ಎಳೆದರೆ ಹಿಂದಕ್ಕೆ ಬಂತು, ಮುರಿಯಲಿಲ್ಲ. ಆಗ ಮೊದಲ ಸಲ ಉದ್ದಕ್ಕೆ, ಕಾಯಂ ಬಣ್ಣಕ್ಕೂ ಸೆಮಿ ಪರ್ಮನೆಂಟಿಗೂ ನಡುವಿನದಾದ ಡೆಮಿ ಪರ್ಮನೆಂಟ್ ಹಾಕಿದೆ. ಅದಕ್ಕೆ 10 ವಾಲ್ಯೂಮಿಗಿಂತ ಹೆಚ್ಚಿನ ಡೆವಲಪರ್ ಬೇಡ. ಬುಡ ತೊಳೆದ ಮೇಲೆ ಹಚ್ಚಿ, ಐದು ನಿಮಿಷಕ್ಕೊಮ್ಮೆ ಒರೆಸಿ ನೋಡುತ್ತಾ, 10 ನಿಮಿಷಕ್ಕೆ ತೊಳೆದೆ. ಮೂರು ಸಲ ಬುಡಕ್ಕೆ ಹಾಕಿದರೆ ಒಂದು ಸಲ ಉದ್ದಕ್ಕೆ, ವರ್ಷಕ್ಕೆ ಮೂರಕ್ಕೆ ಮೀರದ ಹಾಗೆ. ಅದೂ ಎಳೆದು ನೋಡಿ ಸರಿ ಅನ್ನಿಸಿದರೆ ಮಾತ್ರ. ಬಣ್ಣ ಚೆನ್ನಾಗಿಯೇ ಇದ್ದರೆ ಆ ಸರದಿಯನ್ನೂ ಬಿಟ್ಟುಬಿಡುತ್ತೇನೆ.

ಮೊದಲ ದಿನ ಎರಡು ಇಂಚು ಕತ್ತರಿಸಿದ ಮೇಲೂ, 25 ಸಲಕ್ಕಿಂತ ಹೆಚ್ಚು ಡೈ ಕಂಡ ಕೂದಲು ಕೆಳಗೆ ಇನ್ನೂ 16 ಸೆಂಟಿಮೀಟರ್ ಉಳಿದಿತ್ತು. ಬಂದಾಗಲೆಲ್ಲ ಒಂದು ಇಂಚು ಕತ್ತರಿಸಿದರೆ ಒಂಬತ್ತು ತಿಂಗಳಲ್ಲಿ ಅದು ಮುಗಿಯುತ್ತದೆ, ಆದರೆ ಜಡೆ ಗಿಡ್ಡವಾಗುತ್ತಾ ಬರುತ್ತದೆ. ಅರ್ಧ ಇಂಚಾದರೆ ಒಂದೂವರೆ ವರ್ಷ ಬೇಕು, ಜಡೆ ಮಾತ್ರ ಉಳಿಯುತ್ತದೆ. ಟೀಚರ್ ಅರ್ಧ ಇಂಚು ಅಂದರು.